ಅನಸ್ತೇಶಿಯಾವೋ, ಜನರಲ್ ಮೆಡಿಸಿನ್ನೋ: ಒಂದು ಪಿಜಿ ಸೀಟಿನ ಲೆಕ್ಕಾಚಾರ

ನಮಸ್ಕಾರ. ನೀಟ್ ಪಿಜಿ ಫಲಿತಾಂಶದ ಬೆನ್ನಿಗೇ ಮಂಗಳೂರು, ಉಡುಪಿಯ ಹೌಸ್ ಸರ್ಜನ್‌ಗಳು ನಮಗೆ ಕಳುಹಿಸುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಈ ರ‍್ಯಾಂಕಿಗೆ ಜನರಲ್ ಮೆಡಿಸಿನ್ನೂ ಸಿಗಬಹುದು, ಅನಸ್ತೇಶಿಯಾವೂ ಸಿಗಬಹುದು, ಯಾವುದನ್ನು ಮೇಲೆ ಹಾಕಲಿ? ಎರಡೂ ಮೂರು ವರ್ಷದ ಎಂ.ಡಿ. ಎಂಬುದು ನಿಮಗೆ ಗೊತ್ತಿರುವುದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

[ಪರದೆಯ ಮೇಲೆ: 18, 25, 28, 32]

ವೆನ್ಲಾಕ್ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಮುಗಿಸುತ್ತಿರುವ ಒಬ್ಬಳನ್ನು ಊಹಿಸಿಕೊಳ್ಳಿ. 18ಕ್ಕೆ ಎಂಬಿಬಿಎಸ್ ಸೇರಿ, ಐದೂವರೆ ವರ್ಷ ಕಳೆದು, ಒಂದು ವರ್ಷ ಪರೀಕ್ಷೆಗೆ ಓದಿದರೆ ಪಿಜಿ ಸೇರುವಾಗ ಅವಳಿಗೆ ಸುಮಾರು 25, ಮುಗಿಯುವಾಗ 28. ಅನಸ್ತೇಶಿಯಾ ಆದರೆ ಆ ಹೊತ್ತಿಗೆ ಅವಳು ಪೂರ್ಣ ಪ್ರಮಾಣದ ತಜ್ಞೆ. ಮೆಡಿಸಿನ್ ಆದರೆ, ಇಷ್ಟೊಂದು ವೈದ್ಯಕೀಯ ಕಾಲೇಜುಗಳಿರುವ ನಮ್ಮ ಕರಾವಳಿಯ ನಗರಗಳಲ್ಲಿ, ಹೃದಯಕ್ಕೋ ಜಠರಕ್ಕೋ ಡಿ.ಎಂ. ಮಾಡಬೇಕೆಂಬ ಒತ್ತಡ ಅಲ್ಲಿಂದಲೇ ಶುರುವಾಗುತ್ತದೆ. ನಡುವೆ ಒಂದು ವರ್ಷ ಸೀನಿಯರ್ ರೆಸಿಡೆನ್ಸಿ, ಮತ್ತೊಂದು ಪ್ರವೇಶ ಪರೀಕ್ಷೆ, ಡಿ.ಎಂ.ನ ಮೂರು ವರ್ಷ ಎಂದು ಲೆಕ್ಕ ಹಾಕಿದರೆ ವಯಸ್ಸು 32. ಮನೆಯಲ್ಲಿ ಶಿಕ್ಷಣ ಸಾಲದ ಕಂತು ಕಾಯುತ್ತಿದ್ದರೆ ಈ ನಾಲ್ಕು ವರ್ಷ ಸಣ್ಣ ವಿಷಯವಲ್ಲ.

ಹಾಗಾದರೆ ಅನಸ್ತೇಶಿಯಾವೇ ಜಾಣತನವೇ? ನಿಲ್ಲಿ, ಈ ವಿಡಿಯೋದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇಲ್ಲಿದೆ.

[ದೃಶ್ಯ: ಆಪರೇಷನ್ ಥಿಯೇಟರಿನ ಮಾನಿಟರ್]

ಪೂರ್ಣ ಅರಿವಳಿಕೆ ಕೊಟ್ಟು ಸ್ನಾಯು ಸಡಿಲಿಸುವ ಔಷಧಿ ಹಾಕಿದ ಮೇಲೆ ರೋಗಿ ತಾನಾಗಿ ಉಸಿರಾಡುವುದಿಲ್ಲ. ಆ ಉಸಿರನ್ನು ನಿಲ್ಲಿಸಿದವರು ನೀವೇ. ಅದಕ್ಕೂ ಮುಂಚೆ ಮೂರು ನಿಮಿಷ ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟಿದ್ದರೆ, ಆರೋಗ್ಯವಂತ ವಯಸ್ಕನ ರಕ್ತದಲ್ಲಿ ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿಯಲು ಸುಮಾರು ಎಂಟು ನಿಮಿಷ ಬೇಕಾಗುತ್ತದೆ. ತುರ್ತು ಸಿಸೇರಿಯನ್‌ಗೆ ಬಂದ ಗರ್ಭಿಣಿಗೆ ಅದರ ಅರ್ಧದಷ್ಟೂ ಸಿಗದಿರಬಹುದು. ಅಷ್ಟರೊಳಗೆ ಕೊಳವೆ ಶ್ವಾಸನಾಳಕ್ಕೆ ಇಳಿಯಬೇಕು. ಅದು ದಾರಿ ತಪ್ಪಿ ಅನ್ನನಾಳಕ್ಕೆ ಹೋಗಿದ್ದರೆ, ಇಂಗಾಲದ ಡೈಆಕ್ಸೈಡ್ ತೋರಿಸುವ ಕ್ಯಾಪ್ನೋಗ್ರಾಫ್‌ನಲ್ಲಿ ಉಸಿರುಸಿರಿಗೂ ಏಳಬೇಕಾದ ಗೆರೆ ನೆಲಕಚ್ಚುತ್ತದೆ. ಆಮ್ಲಜನಕ ಇಳಿದಂತೆ ಪಲ್ಸ್ ಆಕ್ಸಿಮೀಟರಿನ ಬೀಪ್ ಶಬ್ದದ ಸ್ಥಾಯಿಯೂ ಇಳಿಯುವುದರಿಂದ, ಅನುಭವಿ ವೈದ್ಯರು ಪರದೆಯತ್ತ ನೋಡದೆಯೇ ತೊಂದರೆಯನ್ನು ಕಿವಿಯಲ್ಲೇ ಗುರುತಿಸುತ್ತಾರೆ. ಆ ಇಳಿಯುವ ದನಿಗೆ ನಿಮ್ಮ ಕೈ ನಡುಗುತ್ತದೆಯೋ, ಅಥವಾ ತಲೆ ಇನ್ನಷ್ಟು ತಣ್ಣಗಾಗುತ್ತದೆಯೋ? ಮೊದಮೊದಲು ಎಲ್ಲರ ಕೈಯೂ ನಡುಗುತ್ತದೆ, ತರಬೇತಿ ಅದನ್ನು ಬಹುಮಟ್ಟಿಗೆ ತಿದ್ದುತ್ತದೆ. ಆದರೆ ಮನೆಗೆ ಹೋದ ಮೇಲೂ ಆ ದನಿ ನಿದ್ದೆಗೆಡಿಸುತ್ತಲೇ ಇದ್ದರೆ ಈ ವಿಭಾಗ ನಿಮ್ಮದಲ್ಲ.

ಇನ್ನೊಂದು ಸ್ವಭಾವದ ಮಾತು. ನಿದ್ದೆಯಿಂದ ಎದ್ದ ರೋಗಿ ಸರ್ಜನ್‌ಗೆ ಕೈ ಮುಗಿಯುತ್ತಾನೆ, ನಿಮ್ಮ ಹೆಸರು ಅವನಿಗೆ ಗೊತ್ತಿರುವುದಿಲ್ಲ. ಮದುವೆಮನೆಯಲ್ಲಿ ಅತ್ತೆಯೊಬ್ಬರು "ಹಾಗಾದರೆ ನಿನ್ನದು ಸ್ವಂತ ಕ್ಲಿನಿಕ್ ಇಲ್ಲವಾ ಮಗಾ?" ಎಂದು ಕೇಳಿಯೇ ಕೇಳುತ್ತಾರೆ. ಇಲ್ಲ, ಇಲ್ಲದಿರುವುದೇ ಲಾಭ: ಬಂಡವಾಳ ಬೇಡ, ಉಡುಪಿ, ಕುಂದಾಪುರ, ಪುತ್ತೂರಿನ ನರ್ಸಿಂಗ್ ಹೋಮ್‌ಗಳಿಗೆ ಕೇಸಿನ ಲೆಕ್ಕದಲ್ಲಿ ಹೋಗಿಬರಬಹುದು. ಆದರೆ ಕರೆಯುವವರು ಸರ್ಜನ್‌ಗಳು. ಅವರು ಬೇರೆಯವರನ್ನು ಕರೆದರೆ ನಿಮ್ಮ ಆದಾಯ ಅಂದೇ ನಿಲ್ಲುತ್ತದೆ, ರಾತ್ರಿ ಎರಡು ಗಂಟೆಯ ಕರೆಗೆ ಒಲ್ಲೆ ಎನ್ನುವುದೂ ಕಷ್ಟ.

ಮೆಡಿಸಿನ್‌ನಲ್ಲಿ ಇದು ತಿರುಗುಮುರುಗು. ಜುಲೈ ತಿಂಗಳ ಮಂಗಳೂರಿನ ವಾರ್ಡನ್ನು ನೆನಪಿಸಿಕೊಳ್ಳಿ: ಡೆಂಗೆ, ಮಲೇರಿಯಾ, ಇಲಿಜ್ವರ, ಮೂರೂ ಜ್ವರದಿಂದಲೇ ಶುರು, ಮೂರರಲ್ಲೂ ಪ್ಲೇಟ್‌ಲೆಟ್ ಇಳಿಯಬಹುದು. ಕಣ್ಣು ಕೆಂಪಗಾಗಿ, ಮೀನಖಂಡ ನೋಯುತ್ತಿದೆಯೆನ್ನುವ ಗದ್ದೆ ಕೆಲಸದವನಲ್ಲಿ ಇಲಿಜ್ವರವನ್ನು ಶಂಕಿಸಿ, ಮೂತ್ರದ ಪ್ರಮಾಣ ಅಳೆಸಿ, ಮರುದಿನ ಮತ್ತೆ ಅವನ ಬಳಿಗೆ ಹೋಗುವುದು ನಿಮಗೆ ಖುಷಿ ಕೊಟ್ಟಿದ್ದರೆ ಅದು ಫಿಸಿಷಿಯನ್‌ನ ಸ್ವಭಾವ. ಇಲ್ಲಿ ಆದಾಯ ತಡವಾಗಿ ಬರುತ್ತದೆ, ಆದರೆ ರೋಗಿಗಳು ನಿಮ್ಮವರಾಗಿ ಉಳಿಯುತ್ತಾರೆ.

ನಮ್ಮ ಹೌಸ್ ಸರ್ಜನ್‌ಗೆ ನಾನು ಹೇಳುವುದು ಇಷ್ಟು: ಡ್ಯೂಟಿ ಮುಗಿದ ಮೇಲೂ ನಿನ್ನೆಯ ರೋಗಿಯ ವರದಿ ನೋಡಲು ಹೋಗುತ್ತಿದ್ದವಳಾದರೆ, ಸಾಲ ನಾಲ್ಕು ವರ್ಷ ತಡೆಯುವುದಾದರೆ, ಮೆಡಿಸಿನ್ ಮೇಲಿರಲಿ. 28ಕ್ಕೆ ದುಡಿಯಲೇಬೇಕಾದರೆ, ತುರ್ತು ಥಿಯೇಟರಿನಲ್ಲಿ ಒಂದು ರಾತ್ರಿ ಪೂರ್ತಿ ನಿಂತು ನೋಡಿ ಅನಸ್ತೇಶಿಯಾ ಹಾಕಲಿ. ಸಲಹೆ ಕೇಳುವುದಾದರೆ ಕಾಲೇಜಿನ ಪ್ರೊಫೆಸರರಿಗಿಂತ, ಹತ್ತು ವರ್ಷದಿಂದ ಹೊರಗೆ ದುಡಿಯುತ್ತಿರುವವರನ್ನು ಕೇಳಲಿ.

ಸಮಯ ಮುಗಿಯುತ್ತಿದೆ, ಉಳಿದವು ಒಟ್ಟಿಗೇ. ರೇಡಿಯಾಲಜಿಯಲ್ಲಿ ಸಂಜೆ ಮನೆಗೆ ಹೋಗಬಹುದು, ಆದರೆ ಸ್ವಂತ ಯಂತ್ರಕ್ಕೆ ದೊಡ್ಡ ಬಂಡವಾಳ ಬೇಕು, ಗರ್ಭಿಣಿಯರ ಪ್ರತಿ ಸ್ಕ್ಯಾನಿಗೂ ಪಿಸಿಪಿಎನ್‌ಡಿಟಿ ಕಾಯ್ದೆಯ ಫಾರಂ ಎಫ್ ತುಂಬಬೇಕು. ಚರ್ಮರೋಗ ವಿಭಾಗದಲ್ಲಿ ರಾತ್ರಿ ಕರೆ ಕಡಿಮೆ, ಆ ಕಾರಣಕ್ಕೇ ಸೀಟಿಗೆ ಪೈಪೋಟಿ ಹೆಚ್ಚು. ಆಪ್ಶನ್ ತುಂಬುವಾಗ ಮಾತ್ರ ಸಿಗುವ ಸಾಧ್ಯತೆ ನೋಡಿ ಕ್ರಮ ಬದಲಿಸಬೇಡಿ, ನಿಜವಾದ ಇಷ್ಟದ ಕ್ರಮದಲ್ಲೇ ಹಾಕಿ. ಒಂದು ಸುತ್ತಿನಲ್ಲಿ ಮೇಲಿನ ಸೀಟು ಹಂಚಿಕೆಯಾದರೆ ಕೆಳಗಿನವನ್ನು ಪರಿಗಣಿಸುವುದಿಲ್ಲ, ಸೇರಿದ ಮೇಲೆ ನಡುವೆ ಸೀಟು ಬಿಟ್ಟರೆ ಬಾಂಡಿನ ದಂಡ ಕಟ್ಟಬೇಕಾಗಬಹುದು.