ಕರೆಂಟು ಹೋದಾಗ ಯಾರ ಹತ್ತಿರ ಏನಿತ್ತು?

ನಮಸ್ಕಾರ. ಹಿಂದೆ ಕೂತವರು ದಯವಿಟ್ಟು ಮುಂದಿನ ಸಾಲಿಗೆ ಬನ್ನಿ. ಈ ಶೀಟಿನ ಮಾಡಿನ ಮೇಲೆ ಮಳೆ ಬಿದ್ದರೆ ನನ್ನ ಮಾತು ನಿಮಗೆ ಕೇಳಿಸುವುದಿಲ್ಲ.

ನೀವೆಲ್ಲ ಬರೆದು ಕೊಟ್ಟ ಕತೆಗಳನ್ನು ನಿನ್ನೆ ರಾತ್ರಿ ಕೂತು ಓದಿದೆ. ವಿಷಯ ಎಲ್ಲರಿಗೂ ಒಂದೇ. ಬೀದಿ ಬದಿಯಲ್ಲಿ ಇಬ್ಬರು ವ್ಯಾಪಾರಿಗಳು, ಒಬ್ಬರನ್ನೊಬ್ಬರು ಕಂಡರೆ ಆಗುವುದಿಲ್ಲ, ಕರೆಂಟು ಹೋಗುತ್ತದೆ, ಸ್ನೇಹವಾಗುತ್ತದೆ. ಹತ್ತು ನಿಮಿಷದ ಸಿನಿಮಾಕ್ಕೆ ಕತೆ. ಹೆಚ್ಚಿನವರು ಒಂದೇ ಕಡೆ ಎಡವಿದ್ದೀರಿ. ಕರೆಂಟು ಹೋಯಿತು, ಒಬ್ಬ ಮೊಂಬತ್ತಿ ಹಚ್ಚಿದ, ಇಬ್ಬರೂ ಹಳೆಯ ಕಷ್ಟ ಹೇಳಿಕೊಂಡರು, ಕಣ್ಣೀರು ಬಂತು, ಅಪ್ಪಿಕೊಂಡರು. ಇದಕ್ಕೆ ಕರೆಂಟೇ ಯಾಕೆ ಹೋಗಬೇಕು? ಬಸ್ಸು ಕೆಟ್ಟು ನಿಂತರೂ ಇದೇ ಕತೆ ನಡೆಯುತ್ತದೆ, ಅಲ್ವಾ?

ನಾನು ಇವತ್ತು ಹೇಳಬೇಕೆಂದು ಬಂದದ್ದು ಒಂದೇ ಮಾತು. ಕತ್ತಲೆಗೆ ಯಾರನ್ನೂ ಸ್ನೇಹಿತರನ್ನಾಗಿ ಮಾಡುವ ಶಕ್ತಿ ಇಲ್ಲ. ಕತ್ತಲೆ ಒಬ್ಬನಿಂದ ಒಂದು ಕಿತ್ತುಕೊಳ್ಳಬೇಕು, ಇನ್ನೊಬ್ಬನಿಂದ ಬೇರೆಯದು ಕಿತ್ತುಕೊಳ್ಳಬೇಕು. ಇವನಿಗೆ ಇಲ್ಲದ್ದು ಅವನ ಹತ್ತಿರ ಉಳಿದಿರಬೇಕು. ಆಗ ಮಾತ್ರ ಕತೆ ನಡೆಯುತ್ತದೆ.

ಇದು ನನಗೆ ಹೊಳೆದದ್ದು ಪುಸ್ತಕದಿಂದ ಅಲ್ಲ. ನಾನು ಕಾಲೇಜಿಗೆ ಹೋಗುತ್ತಿದ್ದ ದಿನಗಳು. ಕುಂಬಳೆಯಲ್ಲಿ ರೈಲಿನಿಂದ ಇಳಿದಿದ್ದೆ. ಜೂನ್ ತಿಂಗಳು, ಮಳೆ ಹೇಗಿತ್ತೆಂದರೆ ಕೊಡೆ ಬಿಡಿಸುವುದಕ್ಕೂ ಬಿಡಲಿಲ್ಲ. ರಸ್ತೆ ಬದಿಯಲ್ಲಿ ಒಂದು ತಟ್ಟುಕಡ. ಆಮ್ಲೆಟ್, ಕಟ್ಟನ್ ಚಾಯ, ಅಷ್ಟೇ. ನಾನು ಅದರ ಟರ್ಪಾಲಿನ ಅಡಿಗೆ ನುಗ್ಗಿದ್ದೇ ತಡ, ಕರೆಂಟು ಹೋಯಿತು. ಎಲ್ಲಿಯೋ ತೆಂಗಿನ ಮಡಲು ಲೈನಿನ ಮೇಲೆ ಬಿದ್ದಿರಬೇಕು. ಇಡೀ ರಸ್ತೆ ಕಪ್ಪು. ಒಲೆಯ ನೀಲಿ ಉರಿ ಮಾತ್ರ ಇತ್ತು.

ಅಂಗಡಿಯವರು ವಯಸ್ಸಾದವರು. ಅವರು ಗಾಬರಿಯಾಗಲಿಲ್ಲ. ಮೊಟ್ಟೆ ತೆಗೆದರು, ಸ್ಟೀಲ್ ಗ್ಲಾಸಿನ ಅಂಚಿಗೆ ಕುಟ್ಟಿ ಒಡೆದರು. ಆಮೇಲೆ ಆ ಗ್ಲಾಸನ್ನು ಮೂಗಿನ ಹತ್ತಿರ ತಂದರು. ಮೂಸಿ ನೋಡಿ, ಸರಿ ಇದೆ ಅಂತ ಕಂಡ ಮೇಲೆ ಎರಡನೆಯದನ್ನು ಒಡೆದರು. ಮತ್ತೆ ಮೂಸಿದರು. ಬೆಳಕಿದ್ದಾಗ ಕಣ್ಣು ಮಾಡುವ ಕೆಲಸವನ್ನು ಮೂಗು ಮಾಡುತ್ತಿತ್ತು. ಕೆಟ್ಟ ಮೊಟ್ಟೆ ಒಂದೇ ಒಂದು ಬಿದ್ದರೆ ಗ್ಲಾಸಿನಲ್ಲಿದ್ದದ್ದೆಲ್ಲ ಹೋಯಿತು. ಆದರೆ ಈರುಳ್ಳಿ ಮಾತ್ರ ಮೂಗಿನಿಂದ ಕೊಚ್ಚಲು ಆಗುವುದಿಲ್ಲ ನೋಡಿ. ಅವರು ಚೂರಿ ಹಿಡಿದು ಹಾಗೆಯೇ ನಿಂತರು. ನನಗೆ ಈರುಳ್ಳಿ ಇಲ್ಲದ ಆಮ್ಲೆಟ್ ಕೊಟ್ಟರು. ಬಾಯಿಗೆ ಸಣ್ಣ ಚಿಪ್ಪಿನ ಚೂರು ಸಿಕ್ಕಿತು. ನಾನು ಏನೂ ಹೇಳಲಿಲ್ಲ. ಆ ಮೂಸಿದ ಗ್ಲಾಸು, ಆ ಸುಮ್ಮನೆ ನಿಂತ ಚೂರಿ ಇವತ್ತಿಗೂ ನನ್ನ ಕಣ್ಣಿನಲ್ಲಿ ಇದೆ.

ಅಲ್ಲಿಂದ ನಾನು ಕಟ್ಟಿದ ಕತೆ ಹೇಳುತ್ತೇನೆ. ಇದರಲ್ಲಿ ಇರುವ ಹೆಸರು, ಜನ ಎಲ್ಲ ಕಲ್ಪನೆ.

ಆಮ್ಲೆಟ್ಟಿನವರು ಮೊಯ್ದೀನಿಚ್ಚ, ಇಚ್ಚ ಅಂದರೆ ಅಣ್ಣ. ಪಕ್ಕದಲ್ಲಿ ಗಾಡಿ ಇಟ್ಟವನು ಸುರೇಶ, ಅವನದ್ದು ಚರುಮುರಿ. ಯಾಕೆ ಚರುಮುರಿ? ಯಾಕೆಂದರೆ ಮಳೆ ಇವರಿಬ್ಬರನ್ನೂ ಬೇರೆ ಬೇರೆ ಥರ ನಡೆಸಿಕೊಳ್ಳುತ್ತದೆ. ಮಳೆ ಬಂದರೆ ಜನರಿಗೆ ಬಿಸಿ ಬೇಕು, ಮೊಯ್ದೀನಿಚ್ಚನ ಒಲೆ ಮುಂದೆ ನಿಲ್ಲುತ್ತಾರೆ. ಚರುಮುರಿಗೆ ಮಳೆಗಾಲದ ಗಾಳಿ ತಾಗಿದರೆ ಸಾಕು, ಮೆತ್ತಗಾಗಿಬಿಡುತ್ತದೆ. ಪ್ಲಾಸ್ಟಿಕ್ ಚೀಲದ ಬಾಯಿ ಬಿಗಿಯಾಗಿ ಕಟ್ಟಬೇಕು, ಒಂದೊಂದು ಸಲ ಬಿಚ್ಚುವಾಗಲೂ ನಷ್ಟ. ಬೇಸಿಗೆಯಲ್ಲಿ ಇದೇ ಲೆಕ್ಕ ತಿರುಗುತ್ತದೆ. ಬಿಸಿಲಿನಲ್ಲಿ ಆಮ್ಲೆಟ್ ಯಾರಿಗೆ ಬೇಕು? ಮಾವಿನಕಾಯಿ ಹಾಕಿದ ಚರುಮುರಿಗೆ ಸಾಲು ನಿಲ್ಲುತ್ತದೆ. ಹಾಗಾಗಿ ಒಬ್ಬನ ಒಳ್ಳೆಯ ದಿನ ಇನ್ನೊಬ್ಬನ ಕೆಟ್ಟ ದಿನ. ಇವರ ಜಗಳಕ್ಕೆ ಜಾತಿ, ಧರ್ಮ, ಭಾಷೆ ತರಬೇಡಿ. ನಮ್ಮ ಊರಿನಲ್ಲಿ ಕನ್ನಡ, ತುಳು, ಮಲಯಾಳ, ಬ್ಯಾರಿ ಎಲ್ಲ ಒಂದೇ ಗಾಡಿಯ ಮುಂದೆ ನಿಂತು ಚಿಲ್ಲರೆ ಕೇಳುತ್ತವೆ. ಬೀದಿ ವ್ಯಾಪಾರಿಯ ಜಗಳ ಯಾವಾಗಲೂ ಎರಡು ಅಡಿ ಜಾಗದ ಜಗಳ.

ಇಲ್ಲಿ ಆ ಜಗಳ ಟರ್ಪಾಲಿನದ್ದು. ಮೊಯ್ದೀನಿಚ್ಚನ ಟರ್ಪಾಲಿನ ಒಂದು ಮೂಲೆ ತಗ್ಗಿದೆ. ಅಲ್ಲಿಂದ ನೀರು ಸುರೇಶನ ಗಾಡಿಯ ಹಲಗೆಯ ಮೇಲೆ ಬೀಳುತ್ತದೆ. ಟಪ್, ಟಪ್. ನಿಮ್ಮಲ್ಲಿ ಒಬ್ಬರು ಬರೆದಿದ್ದೀರಿ, "ಅವನಿಗೆ ಇವನನ್ನು ಕಂಡರೆ ಆಗುತ್ತಿರಲಿಲ್ಲ" ಅಂತ. ಕತೆ ಪುಸ್ತಕಕ್ಕಾದರೆ ಈ ಸಾಲು ಸರಿ. ಕ್ಯಾಮೆರಾ ಅದನ್ನು ಎಲ್ಲಿ ಇಟ್ಟು ತೆಗೆಯುತ್ತದೆ? ಸುರೇಶ ನೀರು ಒರೆಸುತ್ತಾನೆ, ಆ ಬಟ್ಟೆಯನ್ನು ಮೊಯ್ದೀನಿಚ್ಚನ ಕಾಲ ಹತ್ತಿರ ಹಿಂಡುತ್ತಾನೆ. ಇಷ್ಟು ಬರೆಯಿರಿ. ಸಿನಿಮಾದ ಕತೆಯಲ್ಲಿ ಕಣ್ಣಿಗೆ ಕಾಣುವುದು ಮತ್ತು ಕಿವಿಗೆ ಕೇಳುವುದು ಬಿಟ್ಟು ಮೂರನೆಯದು ಇಲ್ಲ.

ಇವರಿಬ್ಬರೂ ಒಬ್ಬರಿಗೊಬ್ಬರು ನೇರ ಮಾತಾಡುವುದೇ ಇಲ್ಲ. ಗಿರಾಕಿಯ ಹತ್ತಿರ ಹೇಳುತ್ತಾರೆ. "ಆಚೆಯವರಿಗೆ ಹೇಳಿ, ಹಗ್ಗ ಎಳೆದು ಕಟ್ಟಲಿಕ್ಕೆ." ಇನ್ನೊಂದು, ಗಾಡಿ ಮೇಲೆ ದುಡ್ಡು ಬಂದದ್ದು ಕೂಗಿ ಹೇಳುವ ಡಬ್ಬಿ ಇರುತ್ತದಲ್ಲ, ಅದು ಇಬ್ಬರ ಹತ್ತಿರವೂ ಇದೆ. ಆಚೆ ಗಾಡಿಯಲ್ಲಿ ನಲವತ್ತು, ಅರವತ್ತು, ಎಂಬತ್ತು ಅಂತ ಕೂಗುತ್ತಲೇ ಇದೆ. ಸುರೇಶನ ಡಬ್ಬಿ ಸುಮ್ಮನಿದೆ. ಅವನು ಅದರ ಮೇಲಿನ ನೀರು ಒರೆಸಿ ಸರಿಯಾಗಿ ಇಡುತ್ತಾನೆ. ಆ ಒಂದು ಕೆಲಸದಲ್ಲಿ ಅವನ ದಿನದ ವ್ಯಾಪಾರ ಪೂರ್ತಿ ಗೊತ್ತಾಗುತ್ತದೆ.

ಈಗ ಕರೆಂಟು. ಯಾವ ಥರ ಹೋಗಬೇಕು ಅಂತ ನೀವು ಯೋಚಿಸಲೇ ಇಲ್ಲ. ದಿನಾ ಸಂಜೆ ಹೊತ್ತು ನೋಡಿ ಅರ್ಧ ಗಂಟೆ ತೆಗೆಯುವ ಲೋಡ್‌ಶೆಡ್ಡಿಂಗ್ ಆದರೆ ಕತೆ ಸತ್ತ ಹಾಗೆ. ಎಲ್ಲರೂ ತಯಾರಿ ಮಾಡಿಕೊಂಡಿರುತ್ತಾರೆ. ಒಂದು ಫೇಸ್ ಮಾತ್ರ ಹೋದರೂ ಆಗುವುದಿಲ್ಲ, ಎದುರು ಅಂಗಡಿಯಲ್ಲಿ ಬೆಳಕು ಇರುತ್ತದೆ, ಗಿರಾಕಿ ಅಲ್ಲಿಗೆ ಹೋಗುತ್ತಾನೆ. ಮೊದಲ ಮಳೆಗೆ ಮಡಲು ಬಿದ್ದು ಇಡೀ ಲೈನ್ ಹೋಗಬೇಕು. ಯಾವಾಗ ಬರುತ್ತದೆ ಅಂತ ಯಾರಿಗೂ ತಿಳಿದಿರಬಾರದು. ಮತ್ತು ಅದೇ ಹೊತ್ತಿಗೆ ತಡವಾದ ರೈಲು ಬಂದು ಜನ ಇಳಿಯಬೇಕು.

ಈಗ ಲೆಕ್ಕ ನೋಡಿ. ಮೊಯ್ದೀನಿಚ್ಚನ ಹತ್ತಿರ ಬೆಂಕಿ ಇದೆ, ಮೊಟ್ಟೆ ಇದೆ, ಗಿರಾಕಿ ಇದ್ದಾರೆ. ಬೆಳಕು ಇಲ್ಲ, ಕೊಚ್ಚಿದ ಈರುಳ್ಳಿ ಮುಗಿದಿದೆ. ಸುರೇಶನ ಹತ್ತಿರ ಚಾರ್ಜಿನ ದೀಪ ಇದೆ, ಎರಡು ಕಿಲೋ ಈರುಳ್ಳಿ ಆಗಲೇ ಸಣ್ಣಗೆ ಕೊಚ್ಚಿ ಇಟ್ಟಿದ್ದಾನೆ. ಗಿರಾಕಿ ಒಬ್ಬನೂ ಇಲ್ಲ. ಕೊಚ್ಚಿದ ಈರುಳ್ಳಿ ನಾಳೆಗೆ ಆಗುವುದಿಲ್ಲ, ಬಿಸಾಡಬೇಕು. ಅವನು ಗಾಡಿ ಮುಚ್ಚಿ ಮನೆಗೆ ಹೋಗದಿರಲು ಅದೇ ಕಾರಣ. ನಾನು ಆಗಲೇ ಹೇಳಿದೆ, ಇವನಿಗೆ ಇಲ್ಲದ್ದು ಅವನ ಹತ್ತಿರ. ಇಬ್ಬರಿಗೂ ಒಂದೇ ಸಾಮಾನು ಬೇಕು, ಈರುಳ್ಳಿ. ಕತೆಯ ಕೀಲಿ ಆ ಪಾತ್ರೆಯಲ್ಲಿದೆ.

ಮೊಯ್ದೀನಿಚ್ಚ ಗ್ಲಾಸು ಮೂಸುತ್ತಾರೆ. ಸುರೇಶ ನೋಡುತ್ತಾನೆ. ಒಂದು ಸಲ, ಎರಡು ಸಲ. ಮೂರನೆಯ ಸಲಕ್ಕೆ ದೀಪವನ್ನು ತನ್ನ ಹಲಗೆಯ ಈ ತುದಿಯಿಂದ ಆ ತುದಿಗೆ ತಳ್ಳುತ್ತಾನೆ. ಮಾತಿಲ್ಲ. ಬೆಳಕು ಗ್ಲಾಸಿನ ಮೇಲೆ ಬೀಳುತ್ತದೆ. ಹಳದಿ ಕಾಣಿಸುತ್ತದೆ. ಮೊಯ್ದೀನಿಚ್ಚ ಮೂಸುವುದನ್ನು ನಿಲ್ಲಿಸುತ್ತಾರೆ.

ಆಮೇಲೆ ಈರುಳ್ಳಿ. ಇಲ್ಲಿ ಮೊದಲ ಸಲ ಅವನು ನೇರ ಕರೆಯುತ್ತಾನೆ. "ಇಚ್ಚಾ, ಗ್ಲಾಸು ಇತ್ತ ಕೊಡಿ."

ಆ "ಇಚ್ಚಾ" ಇದೆಯಲ್ಲ, ಅದಕ್ಕಾಗಿ ನೀವು ಆರು ನಿಮಿಷ ಕಾದಿದ್ದೀರಿ. ಅಲ್ಲಿಯವರೆಗೆ ಅವರು "ಆಚೆಯವರು". ದಯವಿಟ್ಟು ಅದಕ್ಕಿಂತ ಮುಂಚೆ ಆ ಶಬ್ದವನ್ನು ಖರ್ಚು ಮಾಡಬೇಡಿ. ಮೊಯ್ದೀನಿಚ್ಚ "ಇನ್ನಾ" ಅಂತ ಮಲಯಾಳದಲ್ಲಿಯೇ ಹೇಳಿ ಗ್ಲಾಸು ಚಾಚುತ್ತಾರೆ. ಅದನ್ನು ಕನ್ನಡಕ್ಕೆ ತಿರುಗಿಸಬೇಡಿ. ಚಾಚಿದ ಕೈ ಕಾಣುತ್ತದೆ, ಎಲ್ಲರಿಗೂ ಅರ್ಥವಾಗುತ್ತದೆ.

ಆಮೇಲೆ ದೀಪದ ಚಾರ್ಜು ಮುಗಿಯುತ್ತದೆ. ಇದು ಬೇಕೇ ಬೇಕು. ಇಲ್ಲದಿದ್ದರೆ ಸುರೇಶ ಉಪಕಾರ ಮಾಡಿದವನಾಗಿ ಉಳಿಯುತ್ತಾನೆ. ಉಪಕಾರ ಮಾಡಿದವನು ಒಂದು ಮೆಟ್ಟಿಲು ಮೇಲೆ ನಿಲ್ಲುತ್ತಾನೆ, ಅಲ್ಲಿಂದ ಸ್ನೇಹ ಆಗುವುದು ಕಷ್ಟ. ದೀಪ ಆರಿದ ಮೇಲೆ ಉಳಿದದ್ದು ಒಲೆಯ ಉರಿ ಮಾತ್ರ. ಮೊಯ್ದೀನಿಚ್ಚ ಖಾಲಿ ಇದ್ದ ಎರಡನೆಯ ಒಲೆಯನ್ನೂ ಹಚ್ಚುತ್ತಾರೆ, ಅದರ ಮೇಲೆ ಏನೂ ಇಡುವುದಿಲ್ಲ. ಗ್ಯಾಸು ಸುಮ್ನೆ ಉರಿಯುತ್ತದೆ, ಸುರೇಶನ ಕೈಗೆ ಬೆಳಕಾಗಲಿ ಅಂತ. ಸಿಲಿಂಡರಿನ ಗ್ಯಾಸು ಅಳೆದು ಅಳೆದು ಉಪಯೋಗಿಸುವ ಮನುಷ್ಯ ಅದನ್ನು ಸುಮ್ನೆ ಉರಿಸಿದರೆ, ಬೇರೆ ಡೈಲಾಗು ಯಾಕೆ ಬೇಕು?

ಹೊತ್ತಾಯಿತು ಅಂತ ಚೀಟಿ ಬಂತು. ಚಿತ್ರೀಕರಣದ ಬಗ್ಗೆ ತುಂಬ ಹೇಳಬೇಕು ಅಂದುಕೊಂಡಿದ್ದೆ, ಎರಡೇ ಹೇಳುತ್ತೇನೆ.

ನಿಜವಾದ ಕತ್ತಲೆಯಲ್ಲಿ ತೆಗೆದರೆ ಪರದೆ ಮೇಲೆ ಏನೂ ಇರುವುದಿಲ್ಲ, ಬರೀ ಚುಕ್ಕಿ. ಇಡೀ ರಸ್ತೆ ಕಾಣುವ ದೃಶ್ಯಗಳನ್ನು ಸೂರ್ಯ ಮುಳುಗಿದ ಮೇಲಿನ ಇಪ್ಪತ್ತು ನಿಮಿಷದಲ್ಲಿ ಮುಗಿಸಿ. ಆಗ ಆಕಾಶದಲ್ಲಿ ಸ್ವಲ್ಪ ನೀಲಿ ಉಳಿದಿರುತ್ತದೆ, ಜನರ ಆಕಾರ ಕಾಣುತ್ತದೆ. ರಸ್ತೆ ಒದ್ದೆ ಇರಲಿ, ಒಣ ಟಾರು ಬೆಳಕನ್ನು ನುಂಗುತ್ತದೆ. ಒಲೆಯ ನೀಲಿ ಉರಿ ಕ್ಯಾಮೆರಾಕ್ಕೆ ಸಾಲುವುದಿಲ್ಲ, ಒಲೆಯ ಹಿಂದೆ ಸಣ್ಣ ದೀಪ ಅಡಗಿಸಿ ಇಡಬೇಕು. ಮೊಬೈಲಿನಲ್ಲಿ ತೆಗೆಯುವವರು, ಕರೆಂಟು ಇರುವ ದೃಶ್ಯದಲ್ಲಿ ಎಲ್‌ಇಡಿ ಬಲ್ಬಿನಿಂದ ಪಟ್ಟೆ ಓಡಿದರೆ ಶಟರನ್ನು 1/50 ಮಾಡಿ ನೋಡಿ. ನಮ್ಮ ಕರೆಂಟು 50 ಹರ್ಟ್ಜ್, ಅದಕ್ಕೆ ಹೊಂದುತ್ತದೆ.

ಎರಡನೆಯದು ಸದ್ದು. ಕರೆಂಟು ಹೋದದ್ದು ಮೊದಲು ಕಿವಿಗೆ ತಿಳಿಯಬೇಕು. ಹಿಂದಿನ ಅಂಗಡಿಯ ಫ್ರಿಜ್ಜಿನ ಗುಂಯ್ ಅನ್ನುವ ಸದ್ದು, ಫ್ಯಾನಿನ ಸದ್ದು ಮೊದಲಿನಿಂದಲೂ ಸಣ್ಣಗೆ ಇಟ್ಟಿರಿ. ಅದು ಒಮ್ಮೆಲೇ ನಿಂತಾಗ ಟರ್ಪಾಲಿನ ಟಪ್ ಟಪ್ ದೊಡ್ಡದಾಗಿ ಕೇಳುತ್ತದೆ. ಆ ಸದ್ದನ್ನು ಬಿಡಬೇಡಿ, ಕೊನೆಯ ತನಕ ಬೇಕು.

ಕರೆಂಟು ಬಂದಾಗ ಇಬ್ಬರೂ ಕಣ್ಣು ಕಿರಿದು ಮಾಡುತ್ತಾರೆ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಸುರೇಶ ತನ್ನ ಪಾತ್ರೆ ತೆಗೆದುಕೊಂಡು ಈಚೆ ಬರುತ್ತಾನೆ. ಹಲಗೆ ಒರೆಸಲು ಬಟ್ಟೆ ಎತ್ತುತ್ತಾನೆ. ಹಲಗೆ ಒಣಗಿದೆ. ಟಪ್ ಟಪ್ ಕೇಳುತ್ತಲೇ ಇದೆ, ಆದರೆ ರಸ್ತೆ ಕಡೆಯಿಂದ. ಅವನು ತಲೆ ಎತ್ತಿ ನೋಡುತ್ತಾನೆ. ಟರ್ಪಾಲಿನ ಹಗ್ಗ ಬೇರೆ ಕಂಬಕ್ಕೆ ಕಟ್ಟಿದೆ. ಯಾವಾಗ ಕಟ್ಟಿದರು ಅಂತ ಅವನೂ ನೋಡಲಿಲ್ಲ, ನಾವೂ ನೋಡಲಿಲ್ಲ.

ನಾಳೆ ಸಂಜೆ ಆರೂವರೆಗೆ ಸ್ಟೇಷನ್ ರಸ್ತೆಗೆ ಬನ್ನಿ. ಈಗ ಏಳು ಗಂಟೆ ಹತ್ತಿರ ಸೂರ್ಯ ಮುಳುಗುತ್ತಾನೆ, ಅಷ್ಟರಲ್ಲಿ ಗಾಡಿ ನಿಲ್ಲಿಸಿ ಟರ್ಪಾಲು ಕಟ್ಟಬೇಕು. ಸುರೇಶನ ಪಾತ್ರ ಮಾಡುವವರು ಇವತ್ತು ರಾತ್ರಿಯೇ ಮನೆಯಲ್ಲಿ ಈರುಳ್ಳಿ ಸಣ್ಣಗೆ ಕೊಚ್ಚಿ ಅಭ್ಯಾಸ ಮಾಡಿ. ನಿಧಾನವಾಗಿ ಮಾಡಿ, ಬೆರಳು ಜೋಪಾನ. ಈರುಳ್ಳಿ ಎರಡು ಕಿಲೋ ನಾನು ತರುತ್ತೇನೆ.