ಒಂದೇ 0.816, ನಾಲ್ಕು ಬೇರೆ ಚಿತ್ರ: ಸಹಸಂಬಂಧ ಗುಣಾಂಕ ಎಲ್ಲಿ ಏಮಾರುತ್ತದೆ?

[ತೆರೆ: ನಾಲ್ಕು ಖಾಲಿ ಚೌಕಗಳು. ಪ್ರತಿಯೊಂದರ ಕೆಳಗೆ r = 0.816]

ನಿರೂಪಣೆ: ನಮ್ಮ ಹತ್ತಿರ ನಾಲ್ಕು ಪಟ್ಟಿಗಳಿವೆ. ಒಂದೊಂದರಲ್ಲೂ ಹನ್ನೊಂದು ಜೋಡಿ ಅಂಕಿಗಳು: ಒಂದು x, ಅದರ ಜೊತೆಗೊಂದು y. ನಾಲ್ಕರಲ್ಲೂ x ಸರಾಸರಿ 9, y ಸರಾಸರಿ 7.50. x ಏರಿದಂತೆ y ಎಷ್ಟು ಹೊಂದಿಕೊಂಡು ಏರುತ್ತದೆ ಅಥವಾ ಇಳಿಯುತ್ತದೆ ಎಂದು ಹೇಳುವ ಸಹಸಂಬಂಧ ಗುಣಾಂಕ, ಅಂದರೆ r, ನಾಲ್ಕರಲ್ಲೂ 0.816. ಚುಕ್ಕೆಗಳಿಗೆ ಅತಿ ಚೆನ್ನಾಗಿ ಹೊಂದುವ ಸರಳರೇಖೆ ಎಳೆದರೆ ಅದೂ ನಾಲ್ಕರಲ್ಲಿ ಒಂದೇ: y = 3 + 0.5x. ಇಷ್ಟು ಮಾತ್ರ ಹೇಳಿ ಚಿತ್ರ ಬಿಡಿಸಿ ಅಂದರೆ ಬಹುತೇಕ ಎಲ್ಲರೂ ಒಂದೇ ಚಿತ್ರ ಬಿಡಿಸುತ್ತಾರೆ. ಎಡದಿಂದ ಬಲಕ್ಕೆ ಏರುತ್ತಾ ಹೋಗುವ, ಸ್ವಲ್ಪ ಚದುರಿದ ಚುಕ್ಕೆಗಳು.

[ತೆರೆ: ನಾಲ್ಕೂ ಚೌಕಗಳಲ್ಲಿ ಒಟ್ಟಿಗೇ ಚುಕ್ಕೆಗಳು ಮೂಡುತ್ತವೆ. ಎರಡು ಸೆಕೆಂಡ್ ಮೌನ.]

ಮೊದಲನೆಯದು ಹಾಗೇ ಇದೆ. ಎರಡನೆಯದು ಬಿಲ್ಲಿನ ಹಾಗೆ ಬಾಗಿದೆ. ಮೂರನೆಯದರಲ್ಲಿ ಹತ್ತು ಚುಕ್ಕೆಗಳು ದಾರಕ್ಕೆ ಪೋಣಿಸಿದಂತೆ ನೇರವಾಗಿವೆ, ಒಂದು ಮಾತ್ರ ಮೇಲಕ್ಕೆ ಹಾರಿದೆ. ನಾಲ್ಕನೆಯದರಲ್ಲಿ ಹತ್ತು ಚುಕ್ಕೆಗಳು ಕಂಬದ ಹಾಗೆ ಒಂದರ ಮೇಲೊಂದು ನಿಂತಿವೆ, ಹನ್ನೊಂದನೆಯದು ದೂರದ ಬಲಮೂಲೆಯಲ್ಲಿ ಒಂಟಿಯಾಗಿದೆ.

ಈ ಪಟ್ಟಿಗಳನ್ನು ಕಟ್ಟಿದವರು ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕಮ್. 1973ರಲ್ಲಿ ಪ್ರಕಟಿಸಿದರು. ಲೆಕ್ಕ ಅಂದರೆ ಕರಾರುವಾಕ್ಕು, ಗ್ರಾಫ್ ಅಂದರೆ ಒರಟು ಅಂದಾಜು ಎಂಬ ಆಗಿನ ನಂಬಿಕೆಗೆ ಇದು ಅವರು ಕೊಟ್ಟ ಉತ್ತರ. R ಎಂಬ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್ ಬಳಸುವವರು `anscombe` ಎಂದು ಟೈಪ್ ಮಾಡಿದರೆ ಸಾಕು, ನಾಲ್ಕೂ ಪಟ್ಟಿಗಳು ತೆರೆಗೆ ಬರುತ್ತವೆ.

[ತೆರೆ: ಮೊದಲ ಪಟ್ಟಿ ದೊಡ್ಡದಾಗುತ್ತದೆ. x = 9ರಲ್ಲಿ ಲಂಬ ಗೆರೆ, y = 7.50ರಲ್ಲಿ ಅಡ್ಡ ಗೆರೆ.]

ಚಿತ್ರ ಇಷ್ಟು ಬೇರೆಯಾದರೂ ಅಂಕಿ ಒಂದೇ ಬಂದದ್ದು ಹೇಗೆ? r ಲೆಕ್ಕದ ಹೊಟ್ಟೆಯಲ್ಲಿರುವುದು ಒಂದು ಸರಳ ಗುಣಾಕಾರ. ಪ್ರತಿ ಚುಕ್ಕೆ x ಸರಾಸರಿಯಿಂದ ಎಷ್ಟು ದೂರ, y ಸರಾಸರಿಯಿಂದ ಎಷ್ಟು ದೂರ ಎಂದು ನೋಡಿ ಎರಡನ್ನೂ ಗುಣಿಸುತ್ತೇವೆ. ಬಲಕ್ಕೆ ಅಥವಾ ಮೇಲಕ್ಕಿದ್ದರೆ ದೂರ ಧನ, ಎಡಕ್ಕೆ ಅಥವಾ ಕೆಳಗಿದ್ದರೆ ಋಣ. ಹನ್ನೊಂದು ಗುಣಲಬ್ಧಗಳನ್ನು ಕೂಡುತ್ತೇವೆ. ಆಮೇಲೆ x ಮತ್ತು y ಎಷ್ಟು ಹರಡಿವೆ ಎಂಬ ಅಳತೆಯಿಂದ ಭಾಗಿಸಿದರೆ ಉತ್ತರ −1 ಮತ್ತು +1ರ ನಡುವೆ ಬಂದು ಕೂರುತ್ತದೆ. ಕಥೆಯೆಲ್ಲ ಇರುವುದು ಆ ಮೊತ್ತದಲ್ಲಿ. ನಾಲ್ಕೂ ಪಟ್ಟಿಗಳಲ್ಲಿ ಅದು ಸುಮಾರು 55.

ಮೊದಲ ಪಟ್ಟಿಯಲ್ಲಿ ಈ 55 ಹಲವರು ಸೇರಿ ಹಾಕಿದ ಚಂದಾ ಇದ್ದ ಹಾಗೆ. (4, 4.26) ಚುಕ್ಕೆಯಿಂದ ಸುಮಾರು 16, (14, 9.96)ರಿಂದ 12, (12, 10.84)ರಿಂದ 10, ಉಳಿದವರಿಂದ ಚಿಲ್ಲರೆ. ಇಲ್ಲಿ 0.816 ಹೇಳುವ ಮಾತನ್ನು ನಂಬಬಹುದು.

[ತೆರೆ: ನಾಲ್ಕನೆಯ ಪಟ್ಟಿ. ಒಂಟಿ ಚುಕ್ಕೆ ಕೆಂಪಾಗುತ್ತದೆ.]

ಈಗ ನಾಲ್ಕನೆಯದು. ಕಂಬದಲ್ಲಿರುವ ಹತ್ತಕ್ಕೂ x ಬೆಲೆ 8. ಎಲ್ಲವೂ ಸರಾಸರಿಯಿಂದ ಒಂದೇ ಒಂದು ಹೆಜ್ಜೆ ಎಡಕ್ಕಿವೆ. ಹತ್ತೂ ಸೇರಿ ಮೊತ್ತಕ್ಕೆ ಹಾಕುವುದು 5. ಒಂಟಿ ಚುಕ್ಕೆ ಇರುವುದು (19, 12.50)ರಲ್ಲಿ. ಅದು x ಸರಾಸರಿಯಿಂದ 10 ಹೆಜ್ಜೆ ಬಲಕ್ಕೆ, y ಸರಾಸರಿಯಿಂದ 5 ಹೆಜ್ಜೆ ಮೇಲೆ. ಗುಣಿಸಿದರೆ 50. ಅಂದರೆ 55ರಲ್ಲಿ 50 ಒಬ್ಬನದೇ.

[ತೆರೆ: ಕೆಂಪು ಚುಕ್ಕೆ ನಿಧಾನವಾಗಿ ಕೆಳಗಿಳಿಯುತ್ತದೆ. ಪಕ್ಕದಲ್ಲಿ r ಬದಲಾಗುತ್ತಾ ಹೋಗುತ್ತದೆ: 0.816 … 0 … −0.816]

ಆ ಚುಕ್ಕೆಯನ್ನಷ್ಟೇ ಕೆಳಗಿಳಿಸಿ ನೋಡೋಣ. ಕಂಬ ಅಲುಗಾಡುವುದಿಲ್ಲ. y ಬೆಲೆ 7ಕ್ಕೆ ಬಂದಾಗ, ಅಂದರೆ ಕಂಬದ ಸರಾಸರಿಗೆ ಸಮವಾದಾಗ, r ಸೊನ್ನೆ. ಇನ್ನೂ ಇಳಿಸಿ 1.50ಕ್ಕೆ ತಂದರೆ r ನೇರ −0.816. ಹತ್ತು ಚುಕ್ಕೆಗಳು ಇದ್ದಲ್ಲೇ ಇದ್ದವು, ಆದರೂ ಬಲವಾದ ಏರು ಸಂಬಂಧ ಅಷ್ಟೇ ಬಲವಾದ ಇಳಿ ಸಂಬಂಧವಾಯಿತು. ಆ ಚುಕ್ಕೆಯನ್ನು ತೆಗೆದೇಬಿಟ್ಟರೆ? x ಎಲ್ಲ ಕಡೆ 8, ಹರಡುವಿಕೆಯೇ ಇಲ್ಲ. ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. ಎಕ್ಸೆಲ್‌ನಲ್ಲಿ `CORREL` ಕೊಟ್ಟರೆ `#DIV/0!` ಬರುತ್ತದೆ. ಅಲ್ಲಿ ಅಳೆಯಲು ಸಂಬಂಧ ಇರಲೇ ಇಲ್ಲ.

[ತೆರೆ: ಮೂರನೆಯ ಪಟ್ಟಿ.]

ಮೂರನೆಯ ಪಟ್ಟಿಯಲ್ಲೂ ತಪ್ಪಿತಸ್ಥ ಒಂದೇ ಚುಕ್ಕೆ, ಆದರೆ ಕೆಲಸ ಉಲ್ಟಾ. ಉಳಿದ ಹತ್ತು ಚುಕ್ಕೆಗಳು y = 4.01 + 0.345x ಎಂಬ ರೇಖೆಯ ಮೇಲೆ ಹೆಚ್ಚುಕಡಿಮೆ ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ ಕೂತಿವೆ. x = 13 ಇದ್ದಾಗ y ಬರಬೇಕಾಗಿದ್ದದ್ದು ಸುಮಾರು 8.50. ಬಂದಿರುವುದು 12.74. ಅದನ್ನು ತೆಗೆದು ಮತ್ತೆ ಲೆಕ್ಕ ಹಾಕಿದರೆ r = 1.00. ಗುಂಪಿನಿಂದ ಸಿಡಿದು ನಿಂತ ಇಂಥ ಚುಕ್ಕೆಗೆ ಔಟ್‌ಲೈಯರ್ ಎನ್ನುತ್ತಾರೆ. ನಾಲ್ಕನೆಯದರಲ್ಲಿ ಅದು ಇಲ್ಲದ ಸಂಬಂಧವನ್ನು ಹುಟ್ಟಿಸಿತ್ತು. ಇಲ್ಲಿ ಪರಿಪೂರ್ಣ ಸಂಬಂಧವನ್ನು ಕೆಡಿಸಿದೆ, ರೇಖೆಯ ಇಳಿಜಾರನ್ನೂ 0.345ರಿಂದ 0.5ಕ್ಕೆ ಎತ್ತಿದೆ. ಔಟ್‌ಲೈಯರ್ ಇದ್ದರೆ r ಉಬ್ಬುತ್ತದೆ ಎಂದು ಕ್ಲಾಸಿನಲ್ಲಿ ಕೇಳಿದ್ದನ್ನೇ ನಂಬಿಕೊಂಡರೆ ಈ ಪಟ್ಟಿಯಲ್ಲಿ ಎಡವುತ್ತೇವೆ.

ಇಂಥ ಚುಕ್ಕೆಯನ್ನು ಹಿಡಿಯುವುದು ಸುಲಭ. ಒಂದೊಂದೇ ಚುಕ್ಕೆಯನ್ನು ಬಿಟ್ಟು, ಉಳಿದ ಹತ್ತರಿಂದ r ಮತ್ತೆ ಲೆಕ್ಕ ಹಾಕಿ.

```python
import numpy as np

for i in range(len(x)):
    a = np.delete(x, i)
    b = np.delete(y, i)
    print(x[i], np.corrcoef(a, b)[0, 1])
```

ಮೂರನೆಯ ಪಟ್ಟಿ ಕೊಟ್ಟು ಓಡಿಸಿದರೆ, 13ರ ಸಾಲಿನಲ್ಲಿ ಮಾತ್ರ ಉತ್ತರ ಥಟ್ಟನೆ 1ಕ್ಕೆ ಜಿಗಿಯುತ್ತದೆ. ನಾಲ್ಕನೆಯದಕ್ಕೆ 19ರ ಸಾಲಿನಲ್ಲಿ `nan`, ಅಂದರೆ ಸಂಖ್ಯೆಯೇ ಅಲ್ಲ ಎಂಬ ಉತ್ತರ, ಜೊತೆಗೊಂದು ಎಚ್ಚರಿಕೆ. ಆ ಎಚ್ಚರಿಕೆಯನ್ನು ಕಿರಿಕಿರಿ ಅಂತ ಮುಚ್ಚಿಹಾಕಬೇಡಿ, ನಾವು ಹುಡುಕುತ್ತಿದ್ದದ್ದೇ ಅದು.

[ತೆರೆ: ಎರಡನೆಯ ಪಟ್ಟಿ. ಬಾಗಿದ ಚುಕ್ಕೆಗಳ ಮೇಲೆ ನೇರ ರೇಖೆ.]

ಆದರೆ ಇದೇ ಕೋಡನ್ನು ಎರಡನೆಯ ಪಟ್ಟಿಗೆ ಕೊಟ್ಟರೆ ಏನೂ ಸಿಗುವುದಿಲ್ಲ. ಎಡತುದಿಯ ಚುಕ್ಕೆ ತೆಗೆದರೆ r 0.76, ಬಲತುದಿಯದು ತೆಗೆದರೆ 0.89. ಬೊಬ್ಬೆ ಹೊಡೆಯುವಂಥದ್ದೇನೂ ಅಲ್ಲ. ಇಲ್ಲಿ ಒಬ್ಬ ಅಪರಾಧಿ ಅಂತ ಇಲ್ಲ, ಆಕಾರವೇ ಬೇರೆ. y ಏರುತ್ತಾ ಹೋಗಿ, x = 11ರಲ್ಲಿ 9.26 ಮುಟ್ಟಿ, ಅಲ್ಲಿಂದ ಇಳಿಯುತ್ತದೆ. 14ಕ್ಕೆ ಬರುವಷ್ಟರಲ್ಲಿ 8.10.

ಈ ಪಟ್ಟಿಯನ್ನು ತುಂಡು ಮಾಡಿದರೆ r ಎಷ್ಟು ಗಲಿಬಿಲಿಗೊಳ್ಳುತ್ತದೆ ನೋಡಿ. x 4ರಿಂದ 8ರವರೆಗಿನ ಐದು ಚುಕ್ಕೆಗಳನ್ನಷ್ಟೇ ತೆಗೆದುಕೊಂಡರೆ r = 0.99. 8ರಿಂದ 14ರವರೆಗಿನ ಏಳನ್ನು ತೆಗೆದುಕೊಂಡರೆ r = −0.03, ಅಂದರೆ ಸಂಬಂಧವೇ ಇಲ್ಲ ಎನ್ನುವ ಉತ್ತರ. ಚುಕ್ಕೆಗಳು ಮಾತ್ರ ಎರಡೂ ಕಡೆ ಅದೇ ನುಣುಪಾದ ಬಿಲ್ಲಿನ ಮೇಲಿವೆ. x ಗೊತ್ತಿದ್ದರೆ y ಎಷ್ಟೆಂದು ಬಾಯಲ್ಲೇ ಹೇಳಬಹುದು. ಏಳು ಚುಕ್ಕೆಗಳಲ್ಲಿ ಎಡಭಾಗದ ಏರು ಮತ್ತು ಬಲಭಾಗದ ಇಳಿತ ಒಂದನ್ನೊಂದು ಹೊಡೆದುಹಾಕಿದ್ದರಿಂದ ಮೊತ್ತ ಸೊನ್ನೆಯ ಹತ್ತಿರ ಬಂದಿದೆ, ಅಷ್ಟೇ. y ಬೆಲೆ x ಮೇಲೆ ಎಷ್ಟು ಅವಲಂಬಿಸಿದೆ ಎಂದು r ಹೇಳುವುದಿಲ್ಲ, ಚುಕ್ಕೆಗಳು ನೇರ ರೇಖೆಗೆ ಎಷ್ಟು ಹತ್ತಿರ ಎಂದಷ್ಟೇ ಹೇಳುತ್ತದೆ.

ಮುಂದಿನದನ್ನು ಊಹಿಸಲು ಹೊರಟರೆ ನಷ್ಟ ಇನ್ನೂ ದೊಡ್ಡದು. x = 18 ಇದ್ದರೆ y ಎಷ್ಟು? ನೇರ ರೇಖೆ 12 ಅನ್ನುತ್ತದೆ. ಬಿಲ್ಲು ಹೀಗೇ ಮುಂದುವರಿದರೆ ಉತ್ತರ ಸುಮಾರು 3.

[ತೆರೆ: ಉಳಿಕೆಗಳ ಗ್ರಾಫ್. ಸೊನ್ನೆಯ ಅಡ್ಡಗೆರೆ, ಮೇಲೆ ಕೆಳಗೆ ಚುಕ್ಕೆಗಳು.]

ಬಾಗನ್ನು ಹಿಡಿಯಲು ಬೇಕಾದದ್ದು ಉಳಿಕೆಗಳ ಗ್ರಾಫ್. ನಿಜವಾದ y ಬೆಲೆಯಿಂದ ರೇಖೆ ಹೇಳುವ ಬೆಲೆಯನ್ನು ಕಳೆಯಿರಿ. ಶೀಟ್‌ನಲ್ಲಿ x `A` ಕಾಲಮ್‌ನಲ್ಲಿ, y `B` ಕಾಲಮ್‌ನಲ್ಲಿ ಇದ್ದರೆ `C2`ರಲ್ಲಿ `=B2-(3+0.5*A2)` ಬರೆದು ಕೆಳಗೆಳೆದರೆ ಮುಗಿಯಿತು. x ಕ್ರಮದಲ್ಲಿ ಜೋಡಿಸಿ ನೋಡಿದರೆ ಎರಡನೆಯ ಪಟ್ಟಿಗೆ ಬರುವುದು ಇದು: −1.90, −0.76, 0.13, 0.76, 1.14, 1.27. ಅಲ್ಲಿಂದ ಅವೇ ಅಂಕಿಗಳು ಹಿಂದುಮುಂದಾಗಿ −1.90ಕ್ಕೆ ವಾಪಸ್. ರೇಖೆ ನಿಜಕ್ಕೂ ಹೊಂದಿದ್ದರೆ ಉಳಿಕೆಗಳು ಸೊನ್ನೆಯ ಮೇಲೆ ಕೆಳಗೆ ಗೊತ್ತುಗುರಿಯಿಲ್ಲದೆ ಚೆಲ್ಲಿಕೊಂಡಿರಬೇಕು. ಇಲ್ಲಿ ಮೊದಲು ಕೆಳಗೆ, ಮಧ್ಯೆ ಮೇಲೆ, ಕೊನೆಗೆ ಮತ್ತೆ ಕೆಳಗೆ. ಹೀಗೆ ಕಂಡರೆ ರೇಖೆಗೆ ಒಂದು x² ಪದ ಸೇರಿಸಿ ನೋಡುವುದೇ ದಾರಿ.

ಹಾಗಾದರೆ ಉಳಿಕೆಗಳನ್ನು ನೋಡಿಬಿಟ್ಟರೆ ಸಾಕಲ್ಲ ಅನ್ನಿಸಬಹುದು. ಮೂರನೆಯ ಪಟ್ಟಿಗೆ ಸಾಕು, 13ರಲ್ಲಿರುವ ಚುಕ್ಕೆ 3.24ರ ಉಳಿಕೆಯೊಂದಿಗೆ ಎದ್ದು ಕಾಣುತ್ತದೆ. ನಾಲ್ಕನೆಯದರಲ್ಲಿ ಕೆಂಪು ಚುಕ್ಕೆಯ ಉಳಿಕೆ ಎಷ್ಟು? 3 + 0.5 × 19 ಅಂದರೆ 12.50. ಚುಕ್ಕೆ ಇರುವುದೂ 12.50ರಲ್ಲೇ. ಉಳಿಕೆ ಸೊನ್ನೆ! ಅದನ್ನು ಎಲ್ಲಿಗೆ ಸರಿಸಿದರೂ ರೇಖೆ ಕಂಬದ ಸರಾಸರಿಯಿಂದ ಹೊರಟು ಅದರ ಮೂಲಕವೇ ಹಾದುಹೋಗುತ್ತದೆ, ಬೇರೆ ದಾರಿಯಿಲ್ಲ. ಅತಿ ಹೆಚ್ಚು ದಾರಿತಪ್ಪಿಸಿದ ಚುಕ್ಕೆ ಅತಿ ಸಭ್ಯವಾಗಿ ಕಾಣುವುದು ಇಲ್ಲೇ. ಆದ್ದರಿಂದ ಒಂದೊಂದೇ ಬಿಟ್ಟು ನೋಡುವ ಪರೀಕ್ಷೆಯೂ ಬೇಕು, ಉಳಿಕೆಗಳ ಗ್ರಾಫೂ ಬೇಕು. ಚುಕ್ಕೆಗಳ ಮೂಲ ಚಿತ್ರವಾದ ಸ್ಕ್ಯಾಟರ್ ಪ್ಲಾಟ್ ಅಂತೂ ಇವೆರಡಕ್ಕಿಂತ ಮೊದಲು.

[ತೆರೆ: ನಾಲ್ಕು ಚೌಕಗಳು ಮತ್ತೆ. ಎರಡು, ಮೂರು, ನಾಲ್ಕನೆಯದರ ಕೆಳಗೆ ಸ್ಪಿಯರ್‌ಮನ್ ಬೆಲೆಗಳು: 0.69, 0.99, 0.50]

ಸ್ಪಿಯರ್‌ಮನ್ ಗುಣಾಂಕ ಬಳಸಿದರೆ ಈ ತೊಂದರೆ ಇಲ್ಲ ಎಂದು ಕಮೆಂಟ್‌ನಲ್ಲಿ ಬರೆಯುವವರು ಇದ್ದೇ ಇರುತ್ತಾರೆ. ಅದು ಬೆಲೆಗಳ ಬದಲು ಅವುಗಳ ರ‍್ಯಾಂಕ್ ನೋಡುತ್ತದೆ. ಮೂರನೆಯ ಪಟ್ಟಿಗೆ 0.99 ಕೊಟ್ಟು ನಿಜಕ್ಕೂ ಕಾಪಾಡುತ್ತದೆ. ಎರಡನೆಯದಕ್ಕೆ 0.69, ಬಾಗಿನ ಸುಳಿವು ಅದರಲ್ಲಿಲ್ಲ. ನಾಲ್ಕನೆಯದಕ್ಕೆ 0.50, ಏನೂ ಇಲ್ಲದ ಕಡೆ ಅರ್ಧದಷ್ಟು ಸಂಬಂಧ.

ಔಟ್‌ಲೈಯರ್ ಸಿಕ್ಕ ಮೇಲೆ ಅದನ್ನು ಅಳಿಸಿ ಕೈತೊಳೆದುಕೊಳ್ಳುವುದೂ ಸರಿಯಲ್ಲ. ಮೂರನೆಯ ಪಟ್ಟಿಯ 12.74 ಎಂಟ್ರಿ ಮಾಡುವಾಗ ಆದ ತಪ್ಪೋ, ಉಪಕರಣದ ದೋಷವೋ ಎಂದು ಮೂಲ ದಾಖಲೆಗೆ ಹೋಗಿ ನೋಡಬೇಕು. ತಪ್ಪು ಎಂದು ಸಿಕ್ಕರೆ ತಿದ್ದಿ. ಸಿಗದಿದ್ದರೆ ಎರಡೂ ಉತ್ತರ ಬರೆಯಿರಿ: ಹನ್ನೊಂದಕ್ಕೆ 0.816, ಅದೊಂದನ್ನು ಬಿಟ್ಟರೆ 1.00.

ನಾಲ್ಕನೆಯದಕ್ಕೆ ಆ ದಾರಿಯೂ ಇಲ್ಲ. 19ರಲ್ಲಿರುವ ಅಳತೆ ಸಂಪೂರ್ಣ ಸರಿಯಾಗಿದ್ದರೂ 8 ಮತ್ತು 19ರ ನಡುವೆ ರೇಖೆ ನೇರ ಹೋಗುತ್ತದೋ, ಬಾಗುತ್ತದೋ, ಒಮ್ಮೆಲೇ ಜಿಗಿಯುತ್ತದೋ ಎಂದು ಈ ಹನ್ನೊಂದು ಚುಕ್ಕೆಗಳಿಂದ ಹೇಳಲಾಗದು. 10ರಲ್ಲಿ, 13ರಲ್ಲಿ, 16ರಲ್ಲಿ ಹೊಸದಾಗಿ ಅಳೆದು ತರಬೇಕು. 19ರಲ್ಲೂ ಇನ್ನೊಂದು ಸಲ.

[ತೆರೆ: ನಾಲ್ಕನೆಯ ಚೌಕ. 10, 13, 16ರಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು.]