ಕಾರಿನ ಸೀಟಿನೊಳಗೆ ಕೂತ ವಾಸನೆ

ನಮಸ್ಕಾರ. ಕಾರಿನ ಬಟ್ಟೆ ಸೀಟಿನ ಮೇಲೆ ಮಗು ವಾಂತಿ ಮಾಡಿತೋ, ಚಹಾ ಚೆಲ್ಲಿತೋ, ನನ್ನದು ಒಂದೇ ಮಾತು. ನೀರು ಸುರಿಯಬೇಡಿ. ಒತ್ತಿ ಹೀರಿ ತೆಗೆಯಿರಿ.

ಬಟ್ಟೆಯ ಕೆಳಗೆ ದಪ್ಪ ಫೋಮ್ ಇರುತ್ತದೆ. ಮೇಲೆ ಸುರಿದ ನೀರು ಹೊಲಸನ್ನು ತೊಳೆಯುವುದಿಲ್ಲ, ಫೋಮಿನೊಳಕ್ಕೆ ಇಳಿಸುತ್ತದೆ. ವಾಸನೆ ಅಲ್ಲೇ ಕೂರುತ್ತದೆ.

ಕಳೆದ ಮಳೆಗಾಲದಲ್ಲಿ ಒಂದು ಕಾರು ನನ್ನ ಹತ್ತಿರ ಬಂತು. ಶಿರಸಿಯಿಂದ ಕುಮಟೆಗೆ ಇಳಿಯುವಾಗ, ದೇವಿಮನೆ ಘಟ್ಟದ ತಿರುವಿನಲ್ಲಿ ಮಗು ಕುಡಿದ ಹಾಲು, ತಿಂದ ಬನ್ಸ್ ಎಲ್ಲಾ ಹೊರಗೆ. ಅಪ್ಪ ಗಾಬರಿಯಲ್ಲಿ ಎರಡು ಬಾಟಲಿ ನೀರು ಸುರಿದು ತಿಕ್ಕಿದ್ದಾರೆ. ಮನೆಗೆ ಬಂದು ಸೆಂಟ್ ಹೊಡೆದು, ಗಾಜು ಏರಿಸಿ ನಿಲ್ಲಿಸಿದ್ದಾರೆ. ನನ್ನ ಹತ್ತಿರ ಬಂದಾಗ ಸೀಟು ಮೇಲಿಂದ ಒಣಗಿದ ಹಾಗೆಯೇ ಇತ್ತು. ಹಳೇ ಟವೆಲ್ ಇಟ್ಟು ಮೊಣಕೈಯಿಂದ ಭಾರ ಹಾಕಿದೆ. ಟವೆಲ್ ಹಳದಿಯಾಗಿ ಒದ್ದೆಯಾಯಿತು! ಸೆಂಟು ಮತ್ತು ಹುಳಿ ಹಾಲು ಸೇರಿದ ವಾಸನೆ ಹೇಗಿರುತ್ತದೆ ಅಂತ ನೀವೇ ಊಹಿಸಿ. ದಯವಿಟ್ಟು ಸೆಂಟ್ ಹೊಡೆಯಬೇಡಿ, ಎಷ್ಟು ಸಲ ಹೇಳಲಿ!

ಮೊದಲು ನೀರು ಹೀರುವ ವ್ಯಾಕ್ಯೂಮ್‌ನಿಂದ ಒಳಗಿದ್ದದ್ದನ್ನು ಎಳೆದೆ. ಆಮೇಲೆ ಎಂಜೈಮ್ ಇರುವ ಕ್ಲೀನರ್ ಹಾಕಿದೆ. ನಾಯಿ, ಬೆಕ್ಕು ಸಾಕುವವರು ಬಳಸುತ್ತಾರಲ್ಲ, ಅದೇ. ಹಾಲು, ಅನ್ನದಂಥದ್ದನ್ನು ಅದು ಒಡೆದು ಹಾಕುತ್ತದೆ. ಆದರೆ ವಾಂತಿ ಎಷ್ಟು ಆಳಕ್ಕೆ ಇಳಿದಿದೆಯೋ ಅಲ್ಲಿಗೆ ಅದೂ ಮುಟ್ಟಬೇಕು, ಬಾಟಲಿ ಮೇಲೆ ಬರೆದಷ್ಟು ಹೊತ್ತು ಒದ್ದೆ ಇರಬೇಕು. ನಂತರ ಮತ್ತೆ ಹೀರಿ, ಬಾಗಿಲು ತೆರೆದು, ಫ್ಯಾನ್ ಹಚ್ಚಿ ರಾತ್ರಿಯಿಡೀ ಬಿಟ್ಟೆ. ನಮ್ಮ ಕರಾವಳಿಯ ಮಳೆಗಾಲದ ಗಾಳಿಗೆ ಅದು ಅಷ್ಟು ಸುಲಭಕ್ಕೆ ಒಣಗುತ್ತದೆಯೇ? ಇನ್ನೊಂದು ರಾತ್ರಿ ಬೇಕಾಯಿತು. ಒಣಗಿದ ಮೇಲೆ ಅಡುಗೆ ಸೋಡಾ ಉದುರಿಸಿ, ಬೆಳಿಗ್ಗೆ ವ್ಯಾಕ್ಯೂಮ್ ಮಾಡಿದೆ. ಉಳಿದ ಹುಳಿ ವಾಸನೆ ಅದಕ್ಕೆ ಹೋಯಿತು.

ನೋಡಿ, ಮಾತಾಡುತ್ತಾ ಹೊತ್ತಾಯಿತು. ನೀವು ಆ ಕ್ಷಣದಲ್ಲೇ ಮಾಡಬೇಕಾದ್ದು ತೀರಾ ಸಣ್ಣದು. ಗಟ್ಟಿಯಾದದ್ದನ್ನು ಚಮಚದಿಂದ ಅಂಚಿನಿಂದ ನಡುವಿಗೆ ಎತ್ತಿ. ಒಣ ಬಟ್ಟೆ ಒತ್ತಿ, ಬಟ್ಟೆ ಬದಲಿಸಿ, ಮತ್ತೆ ಒತ್ತಿ. ಬಟ್ಟೆಗೆ ಇನ್ನು ಏನೂ ಹತ್ತುವುದಿಲ್ಲ ಅನ್ನುವವರೆಗೆ. ಆಮೇಲೆ ಒಂದು ಲೋಟ ತಣ್ಣೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಬಟ್ಟೆ ಅದ್ದಿ ಹಿಂಡಿ ಒರೆಸಿ. ಬಿಸಿನೀರು ಬೇಡ, ಹಾಲಿನ ಕಲೆ ಗಟ್ಟಿಯಾಗಿ ಕೂರುತ್ತದೆ. ಸೋಪು ಉಳಿದರೆ ಧೂಳು ಹಿಡಿಯುತ್ತದೆ, ಹಾಗಾಗಿ ಬರೀ ನೀರಿನ ಹಿಂಡಿದ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ.

ಹಾಲು ಹಾಕಿದ ಚಹಾಕ್ಕೂ ಇದೇ ಕ್ರಮ. ಕಂದು ಕಲೆ ಉಳಿದರೆ ಬ್ಲೀಚ್ ಮಾತ್ರ ಹಾಕಬೇಡಿ, ಸೀಟಿನ ಬಣ್ಣವೇ ಹೋಗುತ್ತದೆ.

ಒಣಗಿತೋ ಇಲ್ಲವೋ ಅನ್ನುವುದನ್ನು ಕೈಯಿಂದ ಮುಟ್ಟಿ ನೋಡಿದರೆ ತಿಳಿಯದು. ಟಿಶ್ಯೂ ಇಟ್ಟು ಅದರ ಮೇಲೆ ಒಂದು ನಿಮಿಷ ಕೂತು ಏಳಿ. ಟಿಶ್ಯೂ ತೇವವಾದರೆ ಫ್ಯಾನ್ ಇನ್ನೂ ಓಡಲಿ, ಗಾಜು ಏರಿಸಬೇಡಿ.